ಗಡಿಯಾರದಕ್ಕನ ಕೈ ಮತ್ತು ಕಾಲುಬಾಯಿ ಜ್ವರ

ಆರು ಮನೆಗಳ ಹಸುಗಳ ಹಾಲು ಕರೆದುಕೊಡುವುದೇ ಅವಳ ಕೆಲಸ. ಬೆಳಿಗ್ಗೆ ಐದಕ್ಕೆ ಮೊದಲ ಮನೆ, ಏಳೂವರೆಗೆ ಕೊನೆಯದು. ಸಂಜೆ ಮತ್ತೆ ಅದೇ ಸುತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ತಡವಾಗಿ ಬಂದದ್ದು ಮಗಳ ಹೆರಿಗೆಯಾದ ದಿನ ಮಾತ್ರ. ಹಾಗಾಗಿ ಎಲ್ಲರಿಗೂ ಅವಳು ಗಡಿಯಾರದಕ್ಕ. ಒದೆಯುವ ಹಸುವೂ ಅವಳ ಕೈ ಸೋಕಿದರೆ ಸೊರೆ ಬಿಟ್ಟು ಹಾಲಿಳಿಸುತ್ತಿತ್ತು. “ನನ್ನ ಮಾತು ಕೇಳದೆ ಇರೋದು ಎರಡು ಕಾಲಿಂದು ಒಂದೇ” ಎಂದು ಗಂಡನ ಕಡೆ ಕೈ ತೋರಿಸಿ ನಗುತ್ತಿದ್ದಳು.

ಅಂದು ಬೆಳಿಗ್ಗೆ ಅವಳು ಮೂರನೆಯ ಮನೆಯ ಕೊಟ್ಟಿಗೆಗೆ ಕಾಲಿಟ್ಟಾಗ ಚಪ್ ಚಪ್ ಎಂದು ಬಾಯಿ ಚಪ್ಪರಿಸುವ ಸದ್ದು ಕೇಳಿಸಿತು. ಆ ಮನೆಯ ಯಜಮಾನ ಒಂದು ವಾರದ ಹಿಂದೆ ದಲ್ಲಾಳಿಯಿಂದ ತಂದ ಹೊಸ ಹಸುವಿನದು ಅದು. ತಂದ ದಿನವೇ ಅದನ್ನು ಹಳೆಯ ಎರಡರ ಪಕ್ಕದಲ್ಲಿ ಕಟ್ಟಿದ್ದ. ಅದರ ಬಾಯಿಂದ ಅಂಟಂಟಾದ ಜೊಲ್ಲು ಗೋದಲಿಯವರೆಗೆ ಹಗ್ಗದಂತೆ ಇಳಿದಿತ್ತು. ಹುಲ್ಲು ಹಾಕಿದ್ದು ಹಾಕಿದ ಹಾಗೇ ಇತ್ತು. ಹಿಂಗಾಲನ್ನು ಎತ್ತೆತ್ತಿ ಕೊಡವುತ್ತಿತ್ತು.

ಅಭ್ಯಾಸಬಲದಿಂದ ಅವಳು ಕೂತು ಕೈಯಿಟ್ಟಳು. ಬೆರಳಿನ ಕೆಳಗೆ, ಮೊಲೆತೊಟ್ಟಿನ ಮೇಲೆ ಗುಳ್ಳೆಯೊಂದು ಒಡೆದು ತೆಳ್ಳನೆಯ ನೀರು ಹರಿಯಿತು. ಹಸು ನೋವಿನಿಂದ ಪಕ್ಕಕ್ಕೆ ಸರಿಯಿತು. ಎದ್ದು ಬಲ್ಬಿನ ಬೆಳಕಿಗೆ ಅದರ ಬಾಯಿ ತೆರೆದು ನೋಡಿದಳು. ನಾಲಗೆಯ ಚರ್ಮ ಕಿತ್ತುಬಂದು ಒಳಗಿನ ಕೆಂಪು ಕಾಣುತ್ತಿತ್ತು. ಗೊರಸಿನ ಸಂದಿಯಲ್ಲೂ ಅದೇ.

“ಯಜಮಾನ್ರೇ, ಇದು ಕಾಲುಬಾಯಿ ಜ್ವರ.”

ಯಜಮಾನ ಬೀದಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. “ಮೆಲ್ಲಗೆ ಹೇಳಕ್ಕ. ಮಧ್ಯಾಹ್ನ ದಲ್ಲಾಳಿ ಬರ್ತಾನೆ, ವಾಪಸ್ ಹೊಡ್ಕೊಂಡು ಹೋಗ್ತಾನೆ. ಅಲ್ಲಿಗೆ ಮುಗೀತು.”

“ಹೋದ ದಾರಿ ತುಂಬಾ ಜೊಲ್ಲು ಸುರಿಸ್ಕೊಂಡು ಹೋಗುತ್ತೆ. ಅಲ್ಲಿಗೆ ಶುರುವಾಗುತ್ತೆ.”

“ನೀನು ನೋಡಿಲ್ಲ ಅಂದ್ಕೋ.”

ಅವಳ ತಲೆ ಹಿಂದಿನ ಸಂಜೆಗೆ ಓಡಿತ್ತು. ಈ ಹಸು ನಿನ್ನೆಯೇ ಅರ್ಧ ಲೀಟರ್ ಕಡಿಮೆ ಕೊಟ್ಟಿತ್ತು. ಹೊಸ ಜಾಗ, ಹೆದರಿದೆ ಎಂದುಕೊಂಡು, ಬರೀ ನೀರಲ್ಲಿ ಕೈ ತೊಳೆದು ನಾಲ್ಕನೆಯ ಮನೆಗೆ ಹೋಗಿದ್ದಳು. ಅಲ್ಲಿಂದ ಐದಕ್ಕೆ, ಆರಕ್ಕೆ. ಗುಳ್ಳೆ ಕಾಣುವ ಮೊದಲೇ ರೋಗ ಹಾಲಿನಲ್ಲಿ ಬಂದುಬಿಡುತ್ತದೆಂದು ದನದ ಡಾಕ್ಟರಮ್ಮ ಹೇಳಿದ್ದು ಅವಳಿಗೆ ನೆನಪಾಯಿತು.

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಆಮೇಲೆ ಉಳಿದ ಐದು ಮನೆಗಳಿಗೆ, ರೋಗ ಯಾರ ಮನೆಯದೆಂದೂ ಹೇಳಿ. “ನಾನು ಬರಲ್ಲ. ಯಾರನ್ನೂ ಕೊಟ್ಟಿಗೆಗೆ ಬಿಡ್ಬೇಡಿ. ದನ ಹೊರಗೆ ಬಿಡ್ಬೇಡಿ, ಕೆರೆ ನೀರಿಗೂ ಹೊಡೀಬೇಡಿ.” ಅವಳು ಅತ್ತಿಗೆಯೆಂದೇ ಕರೆಯುವ ನಾಲ್ಕನೆಯ ಮನೆಯೊಡತಿ ಮಾತ್ರ ಕೇಳಿದಳು: “ನಿನ್ನೆ ನೀನು ಅಲ್ಲಿಂದ ನೇರ ನಮ್ಮನೆಗೇ ಬಂದಿದ್ದಲ್ವಾ?”

“ಹೌದು ಅತ್ತಿಗೆ.”

ಡಾಕ್ಟರಮ್ಮ ಬಂದು ನೋಡಿ ಖಚಿತಪಡಿಸಿದಳು. ದಲ್ಲಾಳಿಯ ಗಾಡಿ ಬಾಗಿಲಿಂದಲೇ ಹಿಂದಿರುಗಿತು. ಮೂರನೆಯ ಮನೆಯ ಹಾಲು ಡೇರಿಗೆ ಹೋಗಲಿಲ್ಲ. ದನ, ಹುಲ್ಲು, ಗೊಬ್ಬರ ಯಾವುದೂ ಆ ಗೇಟು ದಾಟಬಾರದೆಂದಾಯಿತು. ಗೇಟಿನಲ್ಲಿ ವಾಷಿಂಗ್ ಸೋಡಾ ಕಲಸಿದ ನೀರಿನ ತೊಟ್ಟಿ. ಲೀಟರಿಗೆ ನಲವತ್ತು ಗ್ರಾಂ. ಒಳಗಿನವರು ಅದರಲ್ಲಿ ಕಾಲದ್ದಿಯೇ ಹೊರಬರಬೇಕು. ಹಸುವಿನ ಬಾಯಿಗೂ ಗೊರಸಿಗೂ ಅಡುಗೆ ಸೋಡಾದ ತೆಳು ನೀರಿನ ತೊಳೆತ, ತಿನ್ನಲು ಮೆತ್ತನೆಯ ಗಂಜಿ. ಲಸಿಕೆಯನ್ನು ಡಾಕ್ಟರಮ್ಮ ಊರಿನ ಹೊರಅಂಚಿನಿಂದ ಒಳಕ್ಕೆ, ಆರೋಗ್ಯವಾಗಿದ್ದ ದನಗಳಿಗೆ ಮಾತ್ರ, ಒಂದೊಂದಕ್ಕೆ ಒಂದೊಂದು ಸೂಜಿಯಲ್ಲಿ ಕೊಡಿಸಿದಳು. “ಇದು ಕೆಲಸಕ್ಕೆ ಬರೋಕೆ ಒಂದೆರಡು ವಾರ ಬೇಕು. ಈಗಾಗಲೇ ರೋಗ ಒಳಗೆ ಸೇರಿದ್ರೆ ಲಸಿಕೆ ತಡೆಯಲ್ಲ” ಎಂದಳು.

ಗಡಿಯಾರದಕ್ಕ ಸೀರೆ ಕುದಿಸಿದಳು, ಚಪ್ಪಲಿ ಸುಟ್ಟಳು, ಉಗುರು ಕತ್ತರಿಸಿದಳು. ಆಮೇಲೆ ಮಾಡಲು ಏನೂ ಇರಲಿಲ್ಲ. ಐದು ಗಂಟೆಗೆ ಎಚ್ಚರವಾಗುತ್ತಿತ್ತು; ಹಾಸಿಗೆಯಲ್ಲೇ ಕೂತು ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಫೋನ್ ಸದ್ದಾದರೆ ಗಂಡನೇ ಎತ್ತುತ್ತಿದ್ದ.

ನಾಲ್ಕನೆಯ ದಿನ ಅತ್ತಿಗೆಯ ಫೋನ್ ಬಂತು. ಅವರ ಹಸು ಮೇವು ಬಿಟ್ಟಿತ್ತು, ಜೊಲ್ಲು ಇಳಿಯುತ್ತಿತ್ತು. ಮರುದಿನ ಮತ್ತೊಂದು ಫೋನ್. ಆ ಹಸುವಿನ ಒಂದೂವರೆ ತಿಂಗಳ ಕರು ಬಾಯಲ್ಲಿ ಒಂದು ಗುಳ್ಳೆಯೂ ಇಲ್ಲದೆ, ನಿಂತಲ್ಲೇ ಕುಸಿದು ಸತ್ತಿತ್ತು. ಎಳೆಗರುಗಳಲ್ಲಿ ಈ ರೋಗ ನೇರ ಹೃದಯಕ್ಕೇ ಹೋಗುತ್ತದಂತೆ. ಆಳುದ್ದದ ಗುಂಡಿ ತೋಡಿ, ಸುಣ್ಣ ಸುರಿದು ಹೂತರು. ಅವಳು ಹೋಗುವಂತಿರಲಿಲ್ಲ. ಹೋಗಿದ್ದರೂ ಮುಖ ಎಲ್ಲಿಟ್ಟುಕೊಳ್ಳುವುದು?

ಮೂರನೆಯ ಮನೆಯ ಹಳೆಯ ಎರಡು ಹಸುಗಳೂ ಕಾಯಿಲೆ ಬಿದ್ದು ಎದ್ದವು. ಐದು ಮತ್ತು ಆರನೆಯ ಮನೆಗಳು, ಏನು ಪುಣ್ಯವೋ, ಉಳಿದುಕೊಂಡವು. ಮೊದಲ ಎರಡಕ್ಕೂ ಏನೂ ಆಗಲಿಲ್ಲ.

ಡಾಕ್ಟರಮ್ಮ ಸರಿ ಎಂದ ಮೇಲೆ, ಒಂದೂವರೆ ತಿಂಗಳಿಗೆ, ಅವಳು ಅತ್ತಿಗೆಯ ಗೇಟಿನ ಹೊರಗೆ ನಿಂತಳು. ಅತ್ತಿಗೆ ಬಾಗಿಲಿಗೆ ಬಂದಳು.

“ನೀನು ಹೇಳ್ದೆ ಇದ್ದಿದ್ರೆ ರೋಗ ಎಲ್ಲಿಂದ ಬಂತು ಅಂತ ನಂಗೆ ಗೊತ್ತೇ ಆಗ್ತಿರಲಿಲ್ಲ” ಎಂದಳು. ಅದು ಬೈಗುಳವೋ ಅಲ್ಲವೋ ಗಡಿಯಾರದಕ್ಕನಿಗೆ ತಿಳಿಯಲಿಲ್ಲ. ಗೇಟಿನ ಚಿಲಕ ಸರಿಯಿತು.

ಹಸು ಅವಳ ಕೈಗೆ ಮೊದಲು ಬೆಚ್ಚಿತು, ಆಮೇಲೆ ನಿಂತಿತು. ಹಾಲು ಮೊದಲಿನ ಅರ್ಧವೂ ಇರಲಿಲ್ಲ. ಜ್ವರ ವಾಸಿಯಾದರೂ ಕೆಲವು ಹಸುಗಳಿಗೆ ಏದುಸಿರು ಉಳಿದುಬಿಡುತ್ತದೆಂದು ಡಾಕ್ಟರಮ್ಮ ಹೇಳಿದ್ದಳು. ಬಿಸಿಲು ಇನ್ನೂ ಏರಿರದಿದ್ದರೂ ಅದು ಬಾಯಿ ತೆರೆದು, ಮೈಲಿಗಟ್ಟಲೆ ಓಡಿ ಬಂದಂತೆ ಏದುಸಿರು ಬಿಡುತ್ತಿತ್ತು.