ಹುಟ್ಟು ಮೊದಲು, ಸಾವು ಆಮೇಲೆ

ಗುಂಡ್ಲುಪೇಟೆಯ ಕಾಡಂಚಿನ ಊರುಗಳಿಗೆ ನಾನು ನರ್ಸು. ಅಲ್ಲಿ ನೆಟ್‌ವರ್ಕ್ ಇಲ್ಲ. ಹುಟ್ಟು-ಸಾವು ಅಂತ ತುಂಬಿದ್ದನ್ನೆಲ್ಲ ಇಲಾಖೆಯ ಆ್ಯಪು ಫೋನಿನೊಳಗೇ ಕೂಡಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಆ ಸೋಮವಾರ ಒಂದು ಮನೆಯ ಹೆರಿಗೆ ದಾಖಲಿಸಿದೆ. ಬುಧವಾರ ಅದೇ ಮಗುವಿನ ಸಾವು. ಎರಡೂ ಬಾಕಿ ಕೂತಿದ್ದವು. ಮೊದಲನೆಯದನ್ನು ಅಳಿಸಲು ನೋಡಿದೆ, ಆಗಲಿಲ್ಲ. ಹುಟ್ಟು ಹೋಗದೆ ಸಾವು ಹೋಗುವಂತಿಲ್ಲವಂತೆ. ಎಸಿ ರೂಮಿನಲ್ಲಿ ಕೂತು ಆ್ಯಪು ಮಾಡಿದವರ ನ್ಯಾಯ!

ಮರುದಿನ ಬಾಣಂತಿಗೆ ಎದೆಹಾಲು ಕಟ್ಟಿ ಜ್ವರ ಬಂತು. ಅವಳನ್ನೂ ಗಂಡನನ್ನೂ ಬಸ್ಸಿನಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಪೇಟೆ ಹತ್ತಿರವಾಗುತ್ತಲೇ ಸಿಗ್ನಲ್ ಬಂತು, ನನ್ನ ಫೋನಿನಿಂದ ಮೊದಲ ದಾಖಲೆ ಹೋಯಿತು. ಸ್ವಲ್ಪ ಹೊತ್ತಿಗೆ ಗಂಡನ ಫೋನು ಸದ್ದು ಮಾಡಿತು, ಇಲಾಖೆಯ ಸಂದೇಶ. ಅವನು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ: "ಅಭಿನಂದನೆಗಳು. ನಿಮ್ಮ ಮಗುವಿಗೆ ಲಸಿಕೆ ಹಾಕಿಸುವುದನ್ನು ಮರೆಯದಿರಿ."

ಅವಳು ಒದ್ದೆ ಸೆರಗನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು. "ಅಕ್ಕಾ, ಅವ್ರ ಲೆಕ್ಕದಲ್ಲಿ ಇನ್ನೂ ಉಸ್ರಾಡ್ತಾ ಅದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದೂ ಹೋಯಿತು. ಪರದೆಯ ಮೇಲೆ ಹಸಿರು ಗುರುತು ಮೂಡಿತು: ಬಾಕಿ ಏನೂ ಇಲ್ಲ.