ಒಂಬತ್ತನೇ ತರಗತಿಯ ಕದನವಿರಾಮ

ಆಡಕಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ವಾಡಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಸೇಡಂಗೆ ಬಂದು, ಅಲ್ಲಿಂದ ಬಸ್ಸೋ ಜೀಪೋ ಸಿಕ್ಕಿದ್ದನ್ನು ಹಿಡಿದು ಶಾಲೆ ಸೇರುವುದು ನನ್ನ ರೂಢಿ. ನಮ್ಮ ಶಾಲೆಯ ದೈಹಿಕ ಶಿಕ್ಷಕರು ಚಿತ್ತಾಪುರದಲ್ಲಿ ಅದೇ ಗಾಡಿ ಹತ್ತುತ್ತಾರೆ. ಕಿಟಕಿಯ ಪಕ್ಕ ನಾನು ಹಿಡಿದಿಟ್ಟ ಜಾಗದಲ್ಲಿ ಕುಳಿತು, ಕೊರಳಿನ ಸೀಟಿಯನ್ನು ಅಂಗಿಯ ಕಿಸೆಗೆ ಸೇರಿಸಿ, ಮನೆಯಿಂದ ತಂದ ಚಹಾದ ಥರ್ಮಾಸ್ ತೆಗೆಯುತ್ತಾರೆ. ಅವರ ಬೇಗಂ ಹಾಕುವ ಏಲಕ್ಕಿ ಸ್ವಲ್ಪ ಜಾಸ್ತಿಯೇ. ಆ ಚಹಾ ಇಲ್ಲದಿದ್ದರೆ ನನ್ನ ದಿನ ಸರಿಯಾಗಿ ಶುರುವಾಗುವುದಿಲ್ಲ.

ಆ ವರ್ಷ ಒಲಿಂಪಿಕ್ಸ್ ಇತ್ತು. ತಾಲ್ಲೂಕಿನ ಸಮಾಜ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಒಂದು ಮಾದರಿ ಪಾಠ ತೋರಿಸಬೇಕೆಂದು ನಮ್ಮ ಹೆಡ್‌ಮಾಸ್ತರರು ನನ್ನ ಹೆಸರು ಕೊಟ್ಟು ಬಂದರು. ವಿಷಯ ಒಲಿಂಪಿಕ್ಸ್‌ನ ಇತಿಹಾಸ ಮತ್ತು ಆದರ್ಶಗಳು. "ಕ್ವಿಜ್ ಇರ್ಲಿ, ಚಟುವಟಿಕೆನೂ ಇರ್ಲಿ. ಎರಡು ಪಿರಿಯಡ್‌ನಾಗ ಮುಗೀಬೇಕು" ಎಂದರು. ಸಭೆಗೆ ಇನ್ನೂ ಮೂರು ವಾರವಿತ್ತು.

ಇದೇನು ದೊಡ್ಡದು ಅಂದುಕೊಂಡೆ. ಪುಸ್ತಕದ ಅಂಗಡಿಯಿಂದ ಒಂದು ಸಾಮಾನ್ಯ ಜ್ಞಾನದ ಪುಸ್ತಕ ತಂದು ಒಂದೇ ಸಂಜೆ ಇಪ್ಪತ್ತೈದು ಪ್ರಶ್ನೆ ಬರೆದೆ. ಆಧುನಿಕ ಕ್ರೀಡೆಗಳು ಮೊದಲು ಎಲ್ಲಿ ನಡೆದವು, ಯಾವ ವರ್ಷ, ಧ್ವಜದಲ್ಲಿ ಎಷ್ಟು ಉಂಗುರ, ಧ್ಯೇಯವಾಕ್ಯ ಯಾವುದು. ಮರುದಿನ ಒಂಬತ್ತನೇ ತರಗತಿಯ ಮೇಲೆ ಪ್ರಯೋಗ ಮಾಡಿದೆ. ದೈಹಿಕ ಶಿಕ್ಷಕರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅಂಕ ಬರೆದರು. ಮುಂದಿನ ಬೆಂಚಿನ ಇಬ್ಬರು ಹುಡುಗರು, ನಾನು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತಿ, ಇಪ್ಪತ್ತೆರಡಕ್ಕೆ ಸರಿ ಉತ್ತರ ಕೊಟ್ಟರು. ನನಗೆ ಖುಷಿಯೇ ಆಯಿತು.

ಸಂಜೆ ಗಾಡಿಯಲ್ಲಿ ದೈಹಿಕ ಶಿಕ್ಷಕರು ಹೇಳಿದರು: "ಮೇಡಂ, ಸಿಟ್ಟಾಗಬ್ಯಾಡ್ರಿ. ನಲವತ್ತು ಮಕ್ಕಳದಾವ. ಇಬ್ಬರು ಓಡಾಕತ್ತಾರ, ಮೂವತ್ತೆಂಟು ಮಂದಿ ಬೇಲಿ ಹಿಡ್ಕೊಂಡು ನೋಡಾಕತ್ತಾರ."

"ಕ್ವಿಜ್ ಅಂದ್ರ ಹಂಗೇ ಅಲ್ರಿ ಸರ್."

"ಖೊ-ಖೊದಾಗ ಒಂಬತ್ತು ಮಂದಿ ಅಂದ್ರ ಒಂಬತ್ತೂ ಮಂದಿಗಿ ಕೆಲಸ ಇರ್ತದ. ಕುಂತವರಿಗೂ ಕೆಲಸ. ನಿಮ್ಮ ಆಟದಾಗ ಕುಂತವರು ಸುಮ್ಕ ಕುಂತಾರ."

ಸಿಟ್ಟು ಬಂದದ್ದು ನಿಜ. ಆದರೆ ಮನೆಗೆ ಬಂದು ಕೈಕಾಲು ತೊಳೆದು ಪ್ರಶ್ನೆಗಳನ್ನು ಮತ್ತೆ ಓದಿದಾಗ ಅವರ ಮಾತು ಬರೋಬ್ಬರಿ ಅನ್ನಿಸಿತು. ಇಪ್ಪತ್ತೈದರಲ್ಲಿ ಒಂದು ಪ್ರಶ್ನೆಯೂ "ಯಾಕೆ" ಅಂತ ಕೇಳುತ್ತಿರಲಿಲ್ಲ. ಆದರ್ಶಗಳ ಮಾತಂತೂ ಎಲ್ಲೂ ಇರಲಿಲ್ಲ.

ಆಮೇಲಿನ ಒಂದು ವಾರ ನಮ್ಮ ಪಾಠ ತಯಾರಾದದ್ದು ರೈಲಿನಲ್ಲೇ. ನಾನು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಬರೆಯುವುದು, ಅವರು ಹೊಡೆದುಹಾಕಿಸುವುದು. ಮಕ್ಕಳನ್ನು ಎಂಟೆಂಟು ಜನರ ಐದು ಗುಂಪು ಮಾಡುವುದೆಂದಾಯಿತು. ಪ್ರತಿ ಗುಂಪಿಗೆ ಬಳಪದಲ್ಲಿ ಉತ್ತರ ಬರೆಯಲು ಒಂದು ಪಾಟಿ. ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ತಮ್ಮತಮ್ಮಲ್ಲಿ ಚರ್ಚೆ, ಸೀಟಿ ಊದಿದಾಗ ಐದೂ ಪಾಟಿ ಒಮ್ಮೆಗೇ ಮೇಲೆ. ಮೊದಲು ಕೈ ಎತ್ತಿದವರಿಗೆ ಏನೂ ಲಾಭವಿಲ್ಲ. ಸರಿ-ತಪ್ಪು ಪ್ರಶ್ನೆಗೆ ಒಂದು ಅಂಕ, ಕಾರಣ ಹೇಳಿದರೆ ಇನ್ನೆರಡು. ಓದಲು ಒಂದೊಂದು ಗುಂಪಿಗೂ ನಾಲ್ಕಾರು ಸಾಲಿನ ಮಾಹಿತಿಯ ಒಂದು ಚಿಕ್ಕ ಕಾರ್ಡು.

ಕಾಲರೇಖೆಯ ಚಟುವಟಿಕೆ ಅವರದೇ ಯೋಚನೆ. ನಮ್ಮ ಶಾಲೆಯ ಪಡಸಾಲೆಗೆ ಶಹಾಬಾದ ಫರಸಿ ಕಲ್ಲು ಹಾಸಿದ್ದಾರೆ. "ಒಂದು ಫರಸಿ ಅಂದ್ರ ನೂರು ವರ್ಷ ಅಂತ ಹಿಡೀರಿ. ಮಕ್ಕಳು ನಡೀಲಿ" ಎಂದರು. ಲೆಕ್ಕ ಹಾಕಿದೆವು. ದಾಖಲೆ ಸಿಗುವ ಮೊದಲ ಕ್ರೀಡೆ ಕ್ರಿಸ್ತಪೂರ್ವ 776ರಲ್ಲಿ, ಗ್ರೀಸಿನ ಒಲಿಂಪಿಯಾದಲ್ಲಿ. ಅಲ್ಲಿಂದ ಸುಮಾರು ಹನ್ನೆರಡು ಫರಸಿ ಆಟ ನಡೆಯುತ್ತದೆ. ಆಮೇಲೆ ಹದಿನೈದು ಫರಸಿ ಏನೂ ಇಲ್ಲ, ಖಾಲಿ. ನಂತರ 1896, ಅಥೆನ್ಸ್. ಅಲ್ಲಿಂದ ಇಲ್ಲಿಯತನಕ ಒಂದೂಕಾಲು ಫರಸಿ ಮಾತ್ರ. ಮಕ್ಕಳು ಆ ಖಾಲಿ ಹದಿನೈದನ್ನು ಎಣಿಸುತ್ತ ನಡೆದಾಗ, ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಆ ಅಂತರ ಎಷ್ಟು ದೊಡ್ಡದೆಂದು ನನಗೇ ಮೊದಲ ಸಲ ತಿಳಿಯಿತು.

ಪ್ರಶ್ನೆಗಳನ್ನು ಹುಡುಕುವಾಗ ನಾನೂ ಕಲಿತೆ. ಧ್ವಜದ ಒಂದೊಂದು ಉಂಗುರದ ಬಣ್ಣ ಒಂದೊಂದು ಖಂಡಕ್ಕೆ ಎಂದು ಮೊದಲಿನಿಂದ ಹೇಳಿಕೊಂಡು ಬಂದಿದ್ದೆ. ಹಾಗಲ್ಲವಂತೆ. ಐದು ಉಂಗುರ ಐದು ಖಂಡಗಳದ್ದೇ, ಆದರೆ ಬಿಳಿ ಹಿನ್ನೆಲೆಯೂ ಸೇರಿ ಆ ಆರು ಬಣ್ಣಗಳಲ್ಲಿ ಒಂದಾದರೂ ಆಗಿನ ಎಲ್ಲ ದೇಶಗಳ ಧ್ವಜದಲ್ಲಿ ಇತ್ತೆಂದು ಅವನ್ನು ಆರಿಸಿದ್ದು. 1896ರಲ್ಲಿ ಗೆದ್ದವರಿಗೆ ಕೊಟ್ಟದ್ದು ಚಿನ್ನವಲ್ಲ, ಬೆಳ್ಳಿಯ ಪದಕ. ಧ್ಯೇಯವಾಕ್ಯಕ್ಕೆ "ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ" ಎಂದಾದ ಮೇಲೆ "ಒಟ್ಟಾಗಿ" ಎಂಬ ಮಾತು ಈಚೆಗೆ ಸೇರಿದೆ. ನನ್ನ ಪುಸ್ತಕದಲ್ಲಿ ಅದು ಇರಲೇ ಇಲ್ಲ.

ಎರಡನೇ ಪ್ರಯೋಗದ ದಿನ ತರಗತಿಯಲ್ಲಿ ಬೇರೆಯೇ ಸದ್ದು. ನಲವತ್ತು ತಲೆಗಳು ಐದು ಪಾಟಿಗಳ ಮೇಲೆ ಬಗ್ಗಿದ್ದವು. ಒಂದು ಸರಿ-ತಪ್ಪು ಪ್ರಶ್ನೆ ಹೀಗಿತ್ತು: "ಪ್ರಾಚೀನ ಗ್ರೀಸಿನಲ್ಲಿ ಕ್ರೀಡೆ ನಡೆಯುವಾಗ ಎಲ್ಲ ಯುದ್ಧಗಳೂ ನಿಂತುಹೋಗುತ್ತಿದ್ದವು." ಉತ್ತರಪಟ್ಟಿಯಲ್ಲಿ ನಾನು "ಸರಿ" ಎಂದು ಬರೆದಿದ್ದೆ. ನಾಲ್ಕು ಪಾಟಿಗಳು ಸರಿ ಎಂದವು. ಕಿಟಕಿಯ ಕಡೆಯ ಗುಂಪಿನದು ಮಾತ್ರ ತಪ್ಪು ಎಂದಿತು. ಅಂಕ ಕೊಡದೆ ಮುಂದೆ ಹೋದೆ.

ಆ ಗುಂಪಿನ ಪಾಟಿ ಹಿಡಿದವಳು ಎದ್ದು ನಿಂತಳು. ಖೊ-ಖೊದಲ್ಲಿ ಚುರುಕು, ತರಗತಿಯಲ್ಲಿ ಬಾಯಿ ಬಿಡದ ಹುಡುಗಿ.

"ಮೇಡಂರಿ, ನಮ್ಮ ಕಾರ್ಡಿನಾಗ ದೂತರು ಊರೂರಿಗಿ ಹೋಗಿ ಸಾರತಿದ್ರು ಅಂತದ. ಆಟಕ್ಕ ಹೋಗೋರಿಗಿ, ನೋಡಾಕ ಹೋಗೋರಿಗಿ ದಾರ್‍ಯಾಗ ಯಾರೂ ಏನೂ ಮಾಡಬಾರ್ದು ಅಂತ."

"ಹೌದು. ಅದಕ್ಕೇ ಕದನವಿರಾಮ ಅನ್ನೋದು."

"ಯುದ್ಧ ಎಲ್ಲಾ ನಿಂತಿದ್ರ, ದಾರ್‍ಯಾಗ ಹೋಗೋರಿಗಿ ಕಾವಲು ಯಾಕ ಬೇಕಾಗಿತ್ರಿ?"

"ನೋಡಿ ನಾಳೆ ಹೇಳ್ತೀನಿ, ಕೂಡು" ಎಂದೆ. ಬಾಗಿಲ ಬಳಿ ದೈಹಿಕ ಶಿಕ್ಷಕರು ಅಂಕದ ಹಾಳೆಯತ್ತ ತಲೆ ಬಗ್ಗಿಸಿ ನಗು ನುಂಗುತ್ತಿದ್ದರು.

ಮನೆಗೆ ಬಂದು ಮೂರು ಕಡೆ ಓದಿದೆ. ಹುಡುಗಿಯದೇ ಸರಿ. ಆ ಒಪ್ಪಂದ ಮುಖ್ಯವಾಗಿ ಒಲಿಂಪಿಯಾದ ನೆಲವನ್ನು, ಅಲ್ಲಿಗೆ ಹೋಗಿಬರುವವರನ್ನು ಕಾಪಾಡುವುದಕ್ಕಾಗಿ ಇತ್ತು. ದೂರದ ಯುದ್ಧಗಳು ತಮ್ಮ ಪಾಡಿಗೆ ನಡೆಯುತ್ತಲೇ ಇದ್ದವು. ಕೇಳಲು ಚಂದವಾದ ಮಾತೆಂದು ನಾನು ಅದನ್ನು ಪರೀಕ್ಷಿಸದೆ ನಂಬಿದ್ದೆ. ಕಾರ್ಡು ಬರೆದವಳೂ ನಾನೇ, ಓದಿದವಳು ಅವಳು.

ಮರುದಿನ ತರಗತಿಯಲ್ಲಿ "ನಿನ್ನೆ ನಂದು ತಪ್ಪಾಗಿತ್ತು" ಎಂದು ಹೇಳಿ ಆ ಗುಂಪಿಗೆ ಮೂರೂ ಅಂಕ ಕೊಟ್ಟೆ. ಉಳಿದ ನಾಲ್ಕು ಗುಂಪುಗಳಿಂದ ಕಳೆದೆ. ಸ್ವಲ್ಪ ಗಲಾಟೆಯಾಯಿತು. ಹುಡುಗಿ ಪಾಟಿಯನ್ನು ಲಂಗದ ಅಂಚಿನಿಂದ ಒರೆಸುತ್ತ ಕುಳಿತಳು. ಆದರೆ ಕೊನೆಯ ಚಟುವಟಿಕೆ ಏನಿರಬೇಕೆಂದು ಅಷ್ಟು ದಿನ ತೋಚದಿದ್ದ ನನಗೆ ಅದು ಆಗ ಸಿಕ್ಕಿತು. "ಪ್ರತಿ ಗುಂಪೂ ನಮ್ಮ ಶಾಲೆಗಾಗಿ ಒಂದು ಕದನವಿರಾಮ ಬರೀರಿ. ಜಗಳ ನಿಲ್ಲಿಸ್ರಿ ಅಂತ ಬರೀಬ್ಯಾಡ್ರಿ. ಯಾರಿಗೆ, ಎಲ್ಲಿಗೆ, ಯಾವ ಹೊತ್ತಿನಾಗ ದಾರಿ ಬಿಡಬೇಕು ಅಂತ ಬರೀರಿ" ಎಂದೆ.

ಕಿಟಕಿಯ ಗುಂಪು ಬರೆದದ್ದು ಮೈದಾನದ ಬಗ್ಗೆ. ಊಟದ ಬಿಡುವಿನಲ್ಲಿ ಹುಡುಗರ ಕ್ರಿಕೆಟ್ ಇಡೀ ಮೈದಾನ ಆವರಿಸುತ್ತದೆ. ಖೊ-ಖೊ ಅಂಕಣ ಆಚೆ ಮೂಲೆಯಲ್ಲಿದೆ. ಚೆಂಡು ಬಡಿದೀತೆಂದು ಹುಡುಗಿಯರು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದರು. ನಮ್ಮಿಬ್ಬರಿಗೂ ಇದು ಗೊತ್ತಿರಲಿಲ್ಲ. ನಾವು ಆ ಹೊತ್ತಿನಲ್ಲಿ ಬಿಸಿಯೂಟದ ಸಾಲಿನ ಬಳಿ ಇರುತ್ತಿದ್ದೆವು, ಹುಡುಗಿಯರಿಗೆ ಆಟ ಬೇಡವೇನೋ ಅಂದುಕೊಂಡಿದ್ದೆವು.

ಹುಡುಗರು ಎದ್ದರು. "ಮೇಡಂ, ನಮಗ ಕ್ರಿಕೆಟ್ ಬಂದ್ ಮಾಡಾಕ ಹಿಂಗ ಮಾಡ್ಯಾರ್ರಿ."

"ಬಂದ್ ಮಾಡ್ರಿ ಅಂತ ಎಲ್ಲಿ ಬರ್ದೀವಿ?" ಎಂದಳು ಆ ಹುಡುಗಿ. "ಓದಿ ನೋಡ್ರಿ. ಬೇವಿನ ಮರದಿಂದ ಅಂಕಣದ ಮಟ ಒಂದು ದಾರಿ ಅಷ್ಟೇ ಕೇಳೀವಿ. ನಾವು ದಾಟೋ ಹೊತ್ತಿನಾಗ ಬಾಲ್ ಹಾಕಬ್ಯಾಡ್ರಿ."

ದೈಹಿಕ ಶಿಕ್ಷಕರು ಕುರ್ಚಿಯಿಂದ ಏಳಲಿಲ್ಲ. "ಒಪ್ಪಂದ ಅಂದ್ರ ಎರಡೂ ಕಡಿಯವರು ಸಹಿ ಹಾಕಬೇಕಪ್ಪ. ನಿಮಗೇನು ಬೇಕು, ನೀವೂ ಹೇಳ್ರಿ" ಎಂದರು.

ಹುಡುಗರು ಗುಸುಗುಸು ಮಾತಾಡಿಕೊಂಡರು. ತಮ್ಮ ಚೆಂಡು ಖೊ-ಖೊ ಅಂಕಣಕ್ಕೆ ಹೋದರೆ ಬಚ್ಚಿಡಬಾರದು, ತಕ್ಷಣ ಎಸೆಯಬೇಕು ಎಂದು ಸೇರಿಸಿದರು. ಹುಡುಗಿಯರೆಲ್ಲ ಒಂದೇ ಸಲ ದಾಟಬೇಕು, ಒಬ್ಬೊಬ್ಬರೇ ಬರಬಾರದು ಎಂದರು. ಹುಡುಗಿಯರು ಎರಡನ್ನೂ ಒಪ್ಪಿದರು. ಹಾಳೆಯ ಕೆಳಗೆ ಎರಡೂ ಕಡೆಯ ಸಹಿ ಬಿತ್ತು. ಅವತ್ತೇ ದೈಹಿಕ ಶಿಕ್ಷಕರು ಸುಣ್ಣದ ಪುಡಿಯಲ್ಲಿ ಬೇವಿನ ಮರದಿಂದ ಎರಡು ಗೆರೆ ಎಳೆಸಿದರು.

ಸೇಡಂನ ಸಭೆಯಲ್ಲಿ ಪಾಠ ಚೆನ್ನಾಗಿ ಹೋಯಿತು. ಅಲ್ಲಿ ಮಕ್ಕಳಿರಲಿಲ್ಲ, ಶಿಕ್ಷಕರೇ ಐದು ಗುಂಪಾಗಿ ಪಾಟಿ ಹಿಡಿದರು. ಯುದ್ಧದ ಪ್ರಶ್ನೆಗೆ ಐದರಲ್ಲಿ ನಾಲ್ಕು ಗುಂಪು "ಸರಿ" ಎಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಮುಧೋಳದ ಹಿರಿಯ ಶಿಕ್ಷಕರೊಬ್ಬರು, "ಸ್ನೇಹ, ಗೌರವ, ಉತ್ಕೃಷ್ಟತೆ ಅಂತ ಮೂರು ಆದರ್ಶ ಅದಾವಲ್ರಿ, ಅವನ್ನ ಬಾಯಿಪಾಠ ಮಾಡಿಸೋದಿಲ್ಲೇನು?" ಎಂದು ಕೇಳಿದರು. ಒಪ್ಪಂದದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಇದರಲ್ಲಿ ಗೌರವ ಯಾವ ಸಾಲಿನಲ್ಲಿದೆ ಎಂದು ಮಕ್ಕಳನ್ನು ಕೇಳಿದೆವು, ಬಚ್ಚಿಡಬಾರದು ಅನ್ನುವ ಸಾಲು ತೋರಿಸಿದರು ಎಂದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಒಂದು ಜೆರಾಕ್ಸ್ ಕೊಡ್ರಿ" ಎಂದರು.

ಒಪ್ಪಂದ ಹೂವೆತ್ತಿದಂತೆ ಸಾಗಿತೆಂದು ಹೇಳಲಾರೆ. ಎರಡು ಸಲ ಮುರಿಯಿತು. ಒಮ್ಮೆ ಒಬ್ಬ ಹುಡುಗ ಬೇಕೆಂದೇ ಬಾಲ್ ಹಾಕಿದ, ಒಮ್ಮೆ ಹುಡುಗಿಯರೇ ಚೆಂಡನ್ನು ಊಟದ ಡಬ್ಬಿಯಲ್ಲಿ ಮುಚ್ಚಿಟ್ಟರು. ಎರಡು ಸಲವೂ ಅವರೇ ಕುಳಿತು ಮಾತಾಡಿ ಮತ್ತೆ ಸಹಿ ಹಾಕಿದರು. ನಾನು ನಡುವೆ ಹೋಗಲಿಲ್ಲ.

ಚಳಿಗಾಲದಲ್ಲಿ ಚಿಂಚೋಳಿ ಕಡೆಯ ಐನಾಪುರದಿಂದ ಒಬ್ಬ ಶಿಕ್ಷಕಿ ಫೋನ್ ಮಾಡಿದರು. ಪಾಠದ ಹಾಳೆ ಯಾರ ಕೈಯಿಂದಲೋ ಅವರಿಗೆ ತಲುಪಿತ್ತು.

"ನಮ್ಮ ಮಕ್ಕಳು ನಳದ ಮುಂದಿನ ಸಾಲಿನ ಮ್ಯಾಲ ಬರ್ದಾರ್ರಿ ಮೇಡಂ. ಒಂದನೇ ಕ್ಲಾಸಿನ ಸಣ್ಣವರಿಗಿ ಮೊದಲು ದಾರಿ ಬಿಡಬೇಕು ಅಂತ. ಆದ್ರ ಸಣ್ಣವರಿಗಿ ಸಹಿ ಮಾಡಾಕ ಬರಂಗಿಲ್ಲ ಅಂತ ದೊಡ್ಡವರು ತಕರಾರು ತೆಗೆದಾರ. ಏನ್ ಮಾಡ್ಲಿ?"

ಗಾಡಿ ಆಗ ಚಿತ್ತಾಪುರ ಬಿಟ್ಟಿತ್ತು. ಪಕ್ಕದಲ್ಲಿ ದೈಹಿಕ ಶಿಕ್ಷಕರು ಥರ್ಮಾಸ್ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತಿದ್ದರು. ಅವರಿಗೆ ಪ್ರಶ್ನೆ ಹೇಳಿದೆ. "ಅಂಗೈ ಒತ್ತಿಸ್ರಿ ಅನ್ರಿ, ನೀಲಿ ಬಣ್ಣದಾಗ" ಎಂದರು. ಆಕೆಗೆ ಅದನ್ನೇ ಹೇಳಿ, ನೋಟ್‌ಬುಕ್ ತೆಗೆದು ಪಾಠದ ಕೊನೆಯ ಹಾಳೆಯಲ್ಲಿ "ಸಹಿ" ಎಂದಿದ್ದ ಕಡೆ "ಅಥವಾ ಅಂಗೈ" ಎಂದು ಸೇರಿಸಿದೆ.