ಯಾರ ದಿನಬಳಕೆಯ ವಸ್ತು

ಕಾತ್ಯಾಯಿನಿ ಮತ್ತೆ ವಿದ್ಯಾರ್ಥಿನಿಯಾಗಲು ಹೊರಟಾಗ ಅವಳ ಮಗಳು ಸಾಹಿತ್ಯಳಿಗೇ ಹನ್ನೆರಡು ವರ್ಷ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದವಳು ಮದುವೆಯಾಗಿ, ಗಂಡ ಶ್ರೀನಾಥನ ಹಿಂದೆ ಜಪಾನಿನ ಕಾವಾಸಾಕಿಗೆ ಬಂದು, ಮನೆ ಮಗು ಎನ್ನುತ್ತ ವರ್ಷಗಳನ್ನು ಕಳೆದಿದ್ದಳು. ಇಂಗ್ಲಿಷಿನಲ್ಲಿ ಕಲಿಸುವ ಬಿಸಿನೆಸ್ ಸ್ನಾತಕೋತ್ತರ ಪದವಿಯೊಂದು ರೈಲಿನಲ್ಲಿ ಹೋಗಿಬರುವಷ್ಟು ದೂರದಲ್ಲೇ ಇದೆ ಎಂದು ಗೊತ್ತಾದಾಗ ಯಾರನ್ನೂ ಕೇಳದೆ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ೨೦೨೦ರ ಏಪ್ರಿಲ್‌ನಲ್ಲಿ ತರಗತಿ ಶುರುವಾಗಬೇಕು ಎನ್ನುವಷ್ಟರಲ್ಲಿ ಕೊರೊನಾ ಬಂದು ವಿಶ್ವವಿದ್ಯಾಲಯದ ಗೇಟು ಮುಚ್ಚಿತು. ಹೊಸ ಚೀಲ ಹೆಗಲೇರುವ ಬದಲು ಗೂಡು ಸೇರಿತು. ಪಾಠವೆಲ್ಲ ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ.

ಮಾರ್ಕೆಟಿಂಗ್ ಹೇಳಿಕೊಡುತ್ತಿದ್ದವರು ಮೊರಿತಾ ಎಂಬ ಹಿರಿಯ ಪ್ರಾಧ್ಯಾಪಕರು. ಪುಸ್ತಕದ ವ್ಯಾಖ್ಯಾನ ಬಾಯಿಪಾಠ ಮಾಡಿದರೆ ಅವರಿಗೆ ಸಾಲದು. ಇಬ್ಬಿಬ್ಬರನ್ನು ಜೋಡಿ ಮಾಡಿ ಫ್ಲ್ಯಾಶ್‌ಕಾರ್ಡ್ ಬರೆಯಲು ಹೇಳಿದರು. ಕಾರ್ಡಿನ ಒಂದು ಬದಿಗೆ ಪಾರಿಭಾಷಿಕ ಪದ, ಇನ್ನೊಂದು ಬದಿಗೆ ಅದರ ಅರ್ಥ ಮತ್ತು ದಿನಬಳಕೆಯ ಒಂದು ವಸ್ತುವಿನ ಉದಾಹರಣೆ. ಪ್ರತಿ ಸೆಮಿಸ್ಟರ್ ಅವಧಿಯ ಕೊನೆಗೆ ಅವರು ಯಾವುದೋ ಕಾರ್ಡು ಎತ್ತಿ ಕೇಳುವರು. ಜೋಡಿಯ ಇಬ್ಬರೂ ಉತ್ತರಿಸಬೇಕು. ಅಂಕ ಇಬ್ಬರಿಗೂ ಒಂದೇ.

ಕಾತ್ಯಾಯಿನಿಗೆ ಜೊತೆಯಾದವಳು ತುಮಕೂರಿನ ಹಂಸಾ. ಸಹಕಾರಿ ಬ್ಯಾಂಕಿನ ಕೆಲಸ ಬಿಟ್ಟು ಜಪಾನಿಗೆ ಹೊರಟಿದ್ದ ಹುಡುಗಿ. ವೀಸಾ ಕೈಸೇರುವ ಮುಂಚೆ ಗಡಿ ಮುಚ್ಚಿ, ತಾಯಿ ಜಯಮ್ಮನ ಜೊತೆ ಮನೆಯಲ್ಲೇ ಕೂತು ಜಪಾನಿನ ಪಾಠ ಕೇಳುತ್ತಿದ್ದಳು.

"ಅಕ್ಕಾ, ಕ್ಲಾಸಲ್ಲಿ ಕನ್ನಡದವರು ಒಬ್ರಾದ್ರೂ ಇದ್ದೀರಲ್ಲ, ನಂಗೆ ಅಷ್ಟೇ ಸಾಕು" ಎಂದಳು ಮೊದಲ ದಿನ.

ಉದಾಹರಣೆಗಳನ್ನು ಹುಡುಕುವ ಕೆಲಸವನ್ನು ಕಾತ್ಯಾಯಿನಿ ತಾನೇ ವಹಿಸಿಕೊಂಡಳು. ಕಣ್ಣೆದುರಿಗೇ ಕೊಂಬಿನಿ ಇತ್ತು, ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿ. ಅಲ್ಲಿಗೆ ಹೋಗಿ ಒಂದೊಂದು ವಸ್ತುವಿನ ಫೋಟೋ ತೆಗೆದು ಕಳಿಸುವಳು. 'ತುರ್ತು ಸರಕು' ಎಂಬುದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕೊಡೆ: ಬೇರೆ ದಿನ ಯಾರೂ ಅದರ ಕಡೆ ನೋಡುವುದಿಲ್ಲ, ಮಳೆ ಬಂದ ಕೂಡಲೇ ಬೆಲೆ ಕೇಳದೆ ಕೊಳ್ಳುತ್ತಾರೆ. 'ಪ್ಯಾಕೇಜಿಂಗ್' ಎಂಬುದಕ್ಕೆ ಒನಿಗಿರಿ: ಅನ್ನದ ಮುದ್ದೆಗೂ ಅದರ ಮೇಲಿನ ಕಡಲಪಾಚಿಯ ಹಾಳೆಗೂ ನಡುವೆ ಪ್ಲಾಸ್ಟಿಕ್ ಪದರವಿಟ್ಟು, ತಿನ್ನುವ ಗಳಿಗೆಯವರೆಗೂ ಹಾಳೆ ಗರಿಗರಿಯಾಗಿರುವಂತೆ ಮಾಡಿದ ಹೊದಿಕೆ. ಹಂಸಾ ಎಲ್ಲವನ್ನೂ ಚೊಕ್ಕ ಇಂಗ್ಲಿಷಿನಲ್ಲಿ ಬರೆದಳು. ಎರಡು ಕೈ ಸೇರಿದರೆ ಚಪ್ಪಾಳೆ ಎಂದು ಕಾತ್ಯಾಯಿನಿ ಹಿಗ್ಗಿದಳು.

ಜುಲೈಯಲ್ಲಿ ಪರೀಕ್ಷೆ. ಮೊರಿತಾ ಎತ್ತಿದ್ದು ಪ್ಯಾಕೇಜಿಂಗ್ ಕಾರ್ಡನ್ನು. ಹಂಸಾ ವ್ಯಾಖ್ಯಾನ ಒಪ್ಪಿಸಿದಳು: ಸರಕನ್ನು ಕಾಯುವುದು, ಬಳಸಲು ಅನುಕೂಲ ಮಾಡಿಕೊಡುವುದು, ಮಾಹಿತಿ ತಿಳಿಸುವುದು. ಮೊರಿತಾ ತಲೆದೂಗಿ, "ಚೆನ್ನಾಗಿದೆ. ಈ ಒನಿಗಿರಿಯನ್ನು ನೀವು ಹೇಗೆ ಬಿಡಿಸುತ್ತೀರಿ? ಮೊದಲು ಎಲ್ಲಿ ಎಳೆಯುತ್ತೀರಿ?" ಎಂದರು.

ಜಪಾನಿನಲ್ಲಿ ಸಣ್ಣ ಮಗುವಿಗೂ ಗೊತ್ತಿರುವ ಸಂಗತಿ. ಹೊದಿಕೆಯ ಮೇಲೇ ಒಂದು, ಎರಡು, ಮೂರು ಎಂದು ಅಚ್ಚಾಗಿರುತ್ತದೆ. ನಡುವಿನ ಪಟ್ಟಿ ಮೊದಲು, ಆಮೇಲೆ ಎರಡು ಮೂಲೆ. ಕಾತ್ಯಾಯಿನಿಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಆದರೆ ಪ್ರಶ್ನೆ ಹಂಸಾಳಿಗೆ. ಪರದೆಯಲ್ಲಿ ಹಂಸಾಳ ಮುಖ ಅಲುಗಲಿಲ್ಲ. ನೆಟ್‌ವರ್ಕ್ ಕೈಕೊಟ್ಟಿತೇನೋ ಎಂದುಕೊಳ್ಳುವಷ್ಟು ಹೊತ್ತಾಯಿತು.

"ಸರ್, ನಾನು ಇದನ್ನು ಯಾವತ್ತೂ ನೋಡಿಲ್ಲ" ಎಂದಳು ಹಂಸಾ.

ಮೊರಿತಾ ಕನ್ನಡಕ ತೆಗೆದರು. "ಸುಮಿಮಾಸೆನ್" ಎಂದು ತಗ್ಗಿದ ದನಿಯಲ್ಲಿ ಕ್ಷಮೆ ಕೇಳಿ ತಲೆಬಾಗಿದರು. "ದಿನಬಳಕೆ ಎಂದು ಬರೆಸಿದ್ದು ನಾನು. ಯಾರ ದಿನ ಎಂದು ಯೋಚಿಸಲಿಲ್ಲ. ಕಾರ್ಡುಗಳನ್ನು ಇನ್ನೊಮ್ಮೆ ಬರೆದು ತನ್ನಿ" ಎಂದರು.

ಕರೆ ಮುಗಿದದ್ದೇ ಕಾತ್ಯಾಯಿನಿ ಹಂಸಾಳಿಗೆ ಫೋನು ಮಾಡಿದಳು.

"ಅಲ್ಲ ಕಣೇ, ಫೋಟೋ ಕಳಿಸಿದ್ದೆ ತಾನೆ? ಒಂದ್ಸಲ ಸರಿಯಾಗಿ ನೋಡೋಕೇನಾಗಿತ್ತು?"

"ಫೋಟೋ ನೋಡಿದ್ರೆ ಹೊಟ್ಟೆ ತುಂಬುತ್ತಾ ಅಕ್ಕಾ?" ಎಂದಳು ಹಂಸಾ. "ನೀವು ಕಳಿಸಿದ್ದನ್ನೆಲ್ಲ 'ನಾನು ದಿನಾ ತಗೋತೀನಿ' ಅಂತ ಬರೆದೆ. ಬರೀತಾ ಬರೀತಾ ನಾಚಿಕೆ ಆಗ್ತಿತ್ತು. ನಮ್ಮಮ್ಮ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸ್ತಿರ್ತಾರೆ, ನಾನು ಕೊಂಬಿನಿ ಅಂತ ಬರೀತಿರ್ತೀನಿ. ನಿಮ್ಗೆ ಹೇಳಿದ್ರೆ ಏನಂದ್ಕೋತೀರೋ ಅಂತ ಸುಮ್ನಿದ್ದೆ."

ಕಾತ್ಯಾಯಿನಿ ಫೋನು ಹಿಡಿದುಕೊಂಡೇ ತಿರುಗಿ ನೋಡಿದಳು. ಅಡುಗೆಮನೆಯಲ್ಲಿ ಶ್ರೀನಾಥ ಚಹಾ ಕಾಯಿಸುತ್ತಿದ್ದ. ಅವನ ಕಂಪನಿ ಕಾರುಗಳಿಗೆ ಬೇರಿಂಗ್ ಮಾಡುತ್ತಿತ್ತು. ಜನ ಕಾರು ಕೊಳ್ಳುವುದನ್ನು ನಿಲ್ಲಿಸಿದ್ದರಿಂದ ಬೇರಿಂಗ್ ಕೇಳುವವರಿಲ್ಲದೆ ಅವನೂ ವಾರದಲ್ಲಿ ಕೆಲವು ದಿನ ಮನೆಯಲ್ಲೇ ಇರುತ್ತಿದ್ದ. 'ನಿಷ್ಪನ್ನ ಬೇಡಿಕೆ', ಅಂದರೆ ಒಂದು ಸರಕಿನ ಬೇಡಿಕೆಯಿಂದ ಹುಟ್ಟುವ ಇನ್ನೊಂದರ ಬೇಡಿಕೆ ಎಂಬ ಪದಕ್ಕೆ ಉದಾಹರಣೆ ಹುಡುಕಿಕೊಂಡು ಅವಳು ಹೊರಗೆಲ್ಲ ಅಲೆದಿದ್ದಳು. ಅದು ಮನೆಯೊಳಗೇ ಲೋಟ ಹಿಡಿದು ನಿಂತಿತ್ತು. ತಾನು ಅಂಗಡಿಯ ಗೂಡುಗಳನ್ನು ನೋಡಿದೆನೇ ಹೊರತು ಯಾರ ಬದುಕನ್ನೂ ನೋಡಲಿಲ್ಲ ಎಂದು ಅವಳಿಗೆ ಅನ್ನಿಸಿತು.

"ತಪ್ಪು ನಂದೇ ಹಂಸಾ. ಈ ಸಲ ನೀನು ಹೇಳು, ನಾನು ಬರ್ಕೋತೀನಿ" ಎಂದಳು.

ಆಮೇಲೆ ಒಂದೊಂದು ಕಾರ್ಡಿಗೂ ಎರಡೆರಡು ಉದಾಹರಣೆ ಬಂದವು, ಒಂದು ಕಾವಾಸಾಕಿಯದು, ಒಂದು ತುಮಕೂರಿನದು. ಕೊಡೆಯ ಪಕ್ಕದಲ್ಲಿ ಕರೆಂಟು ಹೋದಾಗ ಮೂಲೆ ಅಂಗಡಿಗೆ ಓಡಿ ತರುವ ಮೇಣದಬತ್ತಿ. ಒನಿಗಿರಿಯ ಪಕ್ಕದಲ್ಲಿ ಒಂದೇ ಸಲದ ಸ್ನಾನಕ್ಕಾಗುವ ಶಾಂಪೂ ಸ್ಯಾಷೆ: ದೊಡ್ಡ ಬಾಟಲಿ ಕೊಳ್ಳಲಾಗದವರನ್ನೂ ಗಿರಾಕಿಯಾಗಿಸಿದ್ದು ಆ ಪುಟ್ಟ ಪೊಟ್ಟಣ. ಜಯಮ್ಮನೂ ಮಾತಿನ ನಡುವೆ ಬರುವರು. "ನೀರು ಹಾಕಿ ಕಲಸೋ ಇಡ್ಲಿ ಹಿಟ್ಟೂ ಬಂದಿದೆ, ರುಬ್ಬಿ ರೆಡಿ ಇರೋ ಹಿಟ್ಟೂ ಬಂದಿದೆ. ನಿಮ್ಮ ಮೇಷ್ಟ್ರನ್ನ ಕೇಳಿ, ಎರಡೂ ಒಂದೇ ಜಾತಿನಾ ಅಂತ" ಎಂದು ನಗುವರು. ಮಗಳು ಸಾಹಿತ್ಯ ತನ್ನ ಕೋಣೆಯಿಂದಲೇ ಕಿವಿಗೊಟ್ಟು, "ಅಮ್ಮಾ, that aunty is so funny" ಎನ್ನುವಳು. ಮೊರಿತಾ ಈ ಕಾರ್ಡುಗಳನ್ನು ತರಗತಿಗೆಲ್ಲ ತೋರಿಸಿದರು.

ಆ ವರ್ಷದ ಕೊನೆಗೆ ಗಡಿ ಸ್ವಲ್ಪ ಸಡಿಲವಾಯಿತು. ಹಂಸಾಳ ವೀಸಾ ಸಿಕ್ಕಿತು, ಪೆಟ್ಟಿಗೆ ತುಂಬಿದಳು. ಜನವರಿಯಲ್ಲಿ ಮತ್ತೆ ಬಾಗಿಲು ಮುಚ್ಚಿತು. "ಪೆಟ್ಟಿಗೆ ಬಿಚ್ಚೋಕೆ ಮನಸ್ಸಾಗ್ತಿಲ್ಲ ಅಕ್ಕಾ" ಎಂದಳು. ಕಾತ್ಯಾಯಿನಿ ಸಮಾಧಾನ ಹೇಳಿದಳು. ಇಂದಲ್ಲ ನಾಳೆ ಎನ್ನುವ ಮಾತು ಇಬ್ಬರಿಗೂ ಸವೆದುಹೋಗಿತ್ತು.

೨೦೨೧ರ ಮೇ ತಿಂಗಳಲ್ಲಿ ಜಯಮ್ಮನಿಗೆ ಜ್ವರ ಬಂತು. ಎರಡನೆಯ ಅಲೆಯ ದಿನಗಳು. ತುಮಕೂರಿನಲ್ಲಿ ಹಾಸಿಗೆ ಸಿಗಲಿಲ್ಲ, ಸಿಕ್ಕ ಮೇಲೆ ಆಮ್ಲಜನಕ ಸಾಲಲಿಲ್ಲ. ಕಾವಾಸಾಕಿಯಲ್ಲಿ ಕೂತು ಕಾತ್ಯಾಯಿನಿ ಬೆಂಗಳೂರು, ಮೈಸೂರಿನ ಪರಿಚಯದವರಿಗೆಲ್ಲ ಫೋನು ಹಚ್ಚಿದಳು. ಶ್ರೀನಾಥ ತನ್ನ ಸಹೋದ್ಯೋಗಿಗಳ ಗುಂಪಿನಲ್ಲಿ ಸಿಲಿಂಡರಿಗಾಗಿ ಅಂಗಲಾಚಿದ. ಕೊನೆಗೆ ದಾಬಸ್‌ಪೇಟೆಯ ಕಾರ್ಖಾನೆಯವರೊಬ್ಬರು ಒಂದನ್ನು ಕೊಡಲು ಒಪ್ಪಿದರು. ಅದು ಬರುವ ಹೊತ್ತಿಗೆ ಜಯಮ್ಮ ಹೋಗಿಬಿಟ್ಟಿದ್ದರು. ಹಂಸಾಳಿಗೆ ತಾಯಿಯ ಮುಖವನ್ನು ದೂರದಿಂದ ಒಂದು ಗಳಿಗೆ ತೋರಿಸಿದರಂತೆ.

ಹಂಸಾ ಫೋನು ಎತ್ತಲಿಲ್ಲ. ಕಾತ್ಯಾಯಿನಿ ದಿನವೂ ಒಂದು ಮಾತು ಬರೆದು ಕಳಿಸುತ್ತಿದ್ದಳು, ಉತ್ತರ ಬೇಡದಂಥ ಮಾತು. ಊಟ ಮಾಡು, ಮಲಗು, ಅಷ್ಟೇ. ಆ ಅವಧಿಯ ಕಾರ್ಡುಗಳನ್ನು ಒಬ್ಬಳೇ ಬರೆದಳು. ಗಡುವಿನ ಹಿಂದಿನ ದಿನ ಹಂಸಾಳಿಂದ ಒಂದೇ ಒಂದು ಕಾರ್ಡು ಬಂತು. ಪದ: 'ಬಯಸದ ಸರಕು'. ಅರ್ಥ: ಕೊಳ್ಳುವವರಿಗೆ ಗೊತ್ತೇ ಇಲ್ಲದ, ಅಥವಾ ಗೊತ್ತಿದ್ದರೂ ಕೊಳ್ಳುವ ಯೋಚನೆ ಬಾರದ ವಸ್ತು. ಪುಸ್ತಕದಲ್ಲಿ ಉದಾಹರಣೆಯಾಗಿ ಇದ್ದದ್ದು ಜೀವವಿಮೆ. ಹಂಸಾ ಬರೆದಿದ್ದಳು: ಮನೆಗೆ ತರುವ ಆಮ್ಲಜನಕದ ಸಿಲಿಂಡರ್.

ಪರೀಕ್ಷೆಗೆ ಕಳಿಸುವ ಕಾರ್ಡುಗಳಿಂದ ಅದನ್ನು ತೆಗೆದಿಡಬೇಕೆಂದು ಕಾತ್ಯಾಯಿನಿ ಅಂದುಕೊಂಡಳು, ಆಗಲಿಲ್ಲ.

ಪರೀಕ್ಷೆಯ ದಿನ ಹಂಸಾಳ ಚೌಕ ಪರದೆಯಲ್ಲಿ ಕಪ್ಪಾಗಿತ್ತು. ಹೆಸರು ಮಾತ್ರ ಇತ್ತು. ಮೊರಿತಾ ಕಾರ್ಡುಗಳನ್ನು ಸರಿಸುತ್ತ ಸರಿಸುತ್ತ ಆ ಕಾರ್ಡಿನ ಮೇಲೆ ನಿಂತರು. ಅವರಿಗೆ ಸಂಗತಿ ತಿಳಿದಿತ್ತು. "ಇದನ್ನು ಬಿಡೋಣವೇ?" ಎಂದರು.

"ಬೇಡ ಸರ್, ಕೇಳಿ" ಎಂದಳು ಕಾತ್ಯಾಯಿನಿ.

"ಹಾಗಾದರೆ ಹೇಳಿ. ಜನ ಒಂದು ವಸ್ತುವನ್ನು ಹುಡುಕಿಕೊಂಡು ಹೊರಟ ಮೇಲೂ ಅದು ಬಯಸದ ಸರಕೇ?"

"ಅಲ್ಲ. ಈ ವಿಂಗಡಣೆ ವಸ್ತುವಿನ ಒಳಗಿಲ್ಲ, ಕೊಳ್ಳುವವರು ನಡೆದುಕೊಳ್ಳುವ ರೀತಿಯಲ್ಲಿದೆ. ಮಾರ್ಚ್‌ನಲ್ಲಿ ಹಂಸಾಳ ಬೀದಿಯಲ್ಲಿ ಯಾರೂ ಸಿಲಿಂಡರಿನ ಬಗ್ಗೆ ಯೋಚಿಸಿರಲಿಲ್ಲ. ಮೇ ತಿಂಗಳಲ್ಲಿ ಎಲ್ಲರಿಗೂ ಅದು ತುರ್ತು ಸರಕು. ವಸ್ತು ಅದೇ. ಆದರೆ ತುರ್ತು ಸರಕು ಕೈಗೆಟಕುವಲ್ಲಿ ಇರಬೇಕು ಅಂತ ಪುಸ್ತಕ ಹೇಳುತ್ತದೆ. ಇರಲಿಲ್ಲ ಸರ್."

ಆಗ ಕಪ್ಪು ಚೌಕದೊಳಗಿಂದ ಹಂಸಾಳ ದನಿ ಕೇಳಿತು: "ನನ್ನ ಉತ್ತರವೂ ಅದೇ ಸರ್."

ಜಪಾನಿನ ಬೇಸಿಗೆ ಮುಗಿಯುವಷ್ಟರಲ್ಲಿ ಹಂಸಾ ಪದವಿ ಬಿಟ್ಟಳು. ಕಾತ್ಯಾಯಿನಿ ಬೇಡ ಎಂದು ಗೋಗರೆದಳು. "ಇನ್ನು ಆರೇ ತಿಂಗಳು ಅಲ್ವೇನೇ" ಎಂದಳು. "ತಿಂಗಳು ಆರೇ ಅಕ್ಕಾ, ಆದ್ರೆ ಕೂತು ಓದೋ ಮನಸ್ಸು ಅಮ್ಮನ ಜೊತೆ ಹೋಯ್ತು" ಎಂದಳು ಹಂಸಾ. ಹಳೆಯ ಬ್ಯಾಂಕಿನವರೇ ಕರೆದು ಕೆಲಸ ಕೊಟ್ಟರು. ಕಾತ್ಯಾಯಿನಿ ಉಳಿದ ಅವಧಿಯನ್ನು ಒಬ್ಬಳೇ ಮುಗಿಸಿ, ೨೦೨೨ರ ಮಾರ್ಚಿನಲ್ಲಿ ಮಾಸ್ಕು ಹಾಕಿಕೊಂಡೇ ಪದವಿ ಪಡೆದಳು. ಹೊರದೇಶದ ವಿದ್ಯಾರ್ಥಿಗಳಿಗೆ ಗಡಿ ಮತ್ತೆ ತೆರೆದದ್ದೂ ಅದೇ ತಿಂಗಳು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎಳೆದುಕೊಂಡು ಬರುವ ಹುಡುಗ ಹುಡುಗಿಯರನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಅವಳು ನೋಡಲಾರದೆ ಚಾನೆಲ್ ಬದಲಿಸಿದಳು.

ಆ ಆಗಸ್ಟಿನಲ್ಲಿ ಊರಿಗೆ ಹೋದವಳು ಒಂದು ಮಧ್ಯಾಹ್ನ ತುಮಕೂರಿಗೆ ಹೋಗಿ ಹಂಸಾಳನ್ನು ಮೊದಲ ಸಲ ಕಣ್ಣಾರೆ ಕಂಡಳು. ಪರದೆಯಲ್ಲಿ ಕಂಡದ್ದಕ್ಕಿಂತ ಹಂಸಾ ಬಹಳ ಎತ್ತರ. ಗೋಡೆಯ ಮೇಲಿನ ಜಯಮ್ಮನ ಫೋಟೋಗೆ ಕಾತ್ಯಾಯಿನಿ ಕೈಮುಗಿದಳು. ಇಬ್ಬರೂ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತರು. ಬ್ಯಾಂಕಿನ ಮಾತು, ಸಾಹಿತ್ಯಳ ಶಾಲೆಯ ಮಾತು ಆಯಿತು. ಜಪಾನಿನ ಸುದ್ದಿಯನ್ನು ಹಂಸಾ ಎತ್ತಲಿಲ್ಲ.

ಊಟ ಮುಗಿಯುವಾಗ ತಾನೇ ಹೇಳಿದಳು: "ಅಲ್ಲಿಗೆ ಬರ್ಬೇಕು ಅಂತ ಈಗ ಅನ್ಸಲ್ಲ ಅಕ್ಕಾ. ನೀವು ಬೇಜಾರು ಮಾಡ್ಕೋಬೇಡಿ."

"ಬೇಜಾರಿದೆ. ಇರ್ಲಿ ಬಿಡು" ಎಂದಳು ಕಾತ್ಯಾಯಿನಿ.

ಹಂಸಾ ಎದ್ದು ಮಜ್ಜಿಗೆ ತಂದು ಅವಳ ಲೋಟಕ್ಕೆ ಬಗ್ಗಿಸಿದಳು. "ಸಾಯಂಕಾಲದ ಬಸ್ಸಿಗೆ ಹೋದ್ರಾಯ್ತು, ಸ್ವಲ್ಪ ಮಲ್ಕೊಳ್ಳಿ" ಎಂದು ಚಾಪೆ ಹಾಸಿದಳು. ಕಾತ್ಯಾಯಿನಿ ಮಲಗಿದಳು, ನಿದ್ದೆ ಬರಲಿಲ್ಲ. ಪಕ್ಕದಲ್ಲಿ ಹಂಸಾ ಬೆನ್ನು ತಿರುಗಿಸಿ ಮಲಗಿದ್ದಳು. ಅವಳೂ ಎಚ್ಚರವಾಗಿದ್ದಾಳೆ ಎಂದು ಕಾತ್ಯಾಯಿನಿಗೆ ಗೊತ್ತಾಗುತ್ತಿತ್ತು.